ಅಪ್‌ಡೇಟ್: ಅಂಗದಾನದ ಸೆಮಿನಾರ್ ಪೇಪರ್

ನಾನು ಕೇಳಿದ್ದು: "ದಾವಣಗೆರೆಯಲ್ಲಿ ಬಯೋಎಥಿಕ್ಸ್ ಸೆಮಿನಾರ್ ಇದೆ. 'ಇಸ್ಲಾಂ ಅಂಗದಾನವನ್ನು ಒಪ್ಪುತ್ತದೆ' ಅಂತ ಬರೆದರೆ ಸಾಕಾ?"

ಅಷ್ಟೇ ಸಾಲದು ಅನ್ನಿಸಿ ಆ ಸಾಲು ತೆಗೆದೆ. ಈಗ ಯಾರು, ಯಾವಾಗ, ಏನು ಹೇಳಿದರು ಅಂತ ಬರೆದಿದ್ದೇನೆ. ಇಸ್ಲಾಮಿಕ್ ಕಾನೂನಿನ ವಿದ್ವಾಂಸರ ಸಂಸ್ಥೆಯಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲಿ ಜೋರ್ಡಾನ್‌ನ ಅಮ್ಮಾನ್‌ನಲ್ಲಿ ಒಂದು ನಿರ್ಣಯ ಮಾಡಿತು. ಇಡೀ ಮೆದುಳಿನ ಕೆಲಸ ಮತ್ತೆ ಮರಳದಂತೆ ನಿಂತಿದೆ ಎಂದು ತಜ್ಞ ವೈದ್ಯರು ಹೇಳಿದರೆ, ಯಂತ್ರದಿಂದ ಹೃದಯ ಬಡಿಯುತ್ತಿದ್ದರೂ ಯಂತ್ರ ತೆಗೆಯಬಹುದು ಎಂದಿತು. ಅಂಗ ಕೊಡುವ ಮಾತು ಬಂದದ್ದು ಅದೇ ಅಕಾಡೆಮಿಯ 1988ರ ಜೆಡ್ಡಾ ನಿರ್ಣಯದಲ್ಲಿ. ಅದರ ಪ್ರಕಾರ ಸತ್ತವರು ಮೊದಲೇ ಒಪ್ಪಿರಬೇಕು, ಇಲ್ಲವೇ ವಾರಸುದಾರರು ಒಪ್ಪಬೇಕು. ಎರಡನ್ನೂ ಸುಮ್ನೆ ಒಂದೇ ವಾಕ್ಯಕ್ಕೆ ಸೇರಿಸಿದರೆ ಅರ್ಥ ಕೆಡುತ್ತದೆ.

ಭಾರತದ ಕಾನೂನು ನೋಡುವುದು ಉಸಿರಾಟ ನಡೆಸುವ ಮೆದುಳಿನ ಕೆಳಭಾಗ, ಅಂದರೆ ಮೆದುಳುಕಾಂಡದ ಸಾವನ್ನು. ಅಮ್ಮಾನ್ ನಿರ್ಣಯ ಹೇಳುವುದು ಇಡೀ ಮೆದುಳಿನ ಬಗ್ಗೆ. ಈ ವ್ಯತ್ಯಾಸಕ್ಕೇ ಒಂದು ಪ್ಯಾರಾ ಕೊಟ್ಟೆ.

ವಿರೋಧವನ್ನೂ ಬಿಟ್ಟಿಲ್ಲ. ದೇಹ ದೇವರು ನಂಬಿ ಕೊಟ್ಟದ್ದು, ಅದನ್ನು ಕೊಡುವ ಹಕ್ಕು ನಮಗಿಲ್ಲ ಅಂದವರಲ್ಲಿ ಪಾಕಿಸ್ತಾನದ ಮುಫ್ತಿ ಮೊಹಮ್ಮದ್ ಶಫಿ ಪ್ರಮುಖರು. ಅವರನ್ನು 'ಹಳೆಯ ಕಾಲದವರು' ಅಂತ ತಳ್ಳಬಾರದು, ಅಲ್ವಾ? ಐಸಿಯು ಹೊರಗೆ ನಿಂತ ಮನೆಯವರಲ್ಲಿ ಅದನ್ನೇ ನಂಬಿದವರೂ ಇರುತ್ತಾರೆ. ನಮ್ಮ ಬಡಾವಣೆಯ ಮೌಲ್ವಿಯವರಿಗೆ ಈ ಭಾಗ ಓದಿ ಹೇಳಿದೆ. "ಎರಡು ಕಡೆಯ ವಾದವೂ ಸರಿಯಾಗಿ ಬಂದಿದೆ, ಹೀಗೇ ಇರಲಿ" ಅಂದರು.