ಪದಚರ್ಚೆ: ಹೋಲಿಕೆ ಹೆಚ್ಚಿದರೆ ‘ವ್ಯತ್ಯಾಸ’ ಉಬ್ಬುವುದು ಹೇಗೆ? (ಇಂಟ್ರಾಕ್ಲಾಸ್ ಕೋರಿಲೇಶನ್, ಡಿಸೈನ್ ಎಫೆಕ್ಟ್)

ಸುಧಾ:

ಎಲ್ಲರಿಗೂ ನಮಸ್ಕಾರ. ಲಸಿಕೆ ಸಮೀಕ್ಷೆ ಮಾಡುವವರಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಕ್ಲಸ್ಟರ್‌ಗೆ, ಎಂದರೆ ಸಮೀಕ್ಷೆಗೆ ಒಟ್ಟಾಗಿ ಆರಿಸುವ ಒಂದು ಊರಿನಂಥ ಗುಂಪಿಗೆ, ‘ಗುಚ್ಛ’ ಎಂದಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯಕ್ಕೆ ಸಿಕ್ಕಿಕೊಂಡಿದ್ದೇನೆ. ನಾನು ಬರೆದದ್ದು ಹೀಗಿದೆ: ‘ಗುಚ್ಛದ ಒಳಗಿನವರು ಒಬ್ಬರನ್ನೊಬ್ಬರು ಹೋಲುವುದರಿಂದ ವಿನ್ಯಾಸ ಪರಿಣಾಮ ಉಂಟಾಗಿ ವ್ಯತ್ಯಾಸ ಉಬ್ಬುತ್ತದೆ.’

ಕರಡು ಓದಿದ ನನ್ನ ತಂಗಿ ಕೇಳಿದಳು, ‘ಹೋಲುತ್ತಾರೆ ಅಂದಮೇಲೆ ವ್ಯತ್ಯಾಸ ಕಡಿಮೆ ಆಗಬೇಕಲ್ಲ ಅಕ್ಕಾ, ಉಬ್ಬೋದು ಹೇಗೆ?’ ನನ್ನಲ್ಲಿ ಉತ್ತರ ಇರಲಿಲ್ಲ. ಮೂಲದಲ್ಲಿ ತಪ್ಪಿಲ್ಲ ಎಂದು ಗೊತ್ತು. ತಪ್ಪು ನನ್ನ ಪದಗಳಲ್ಲಿದೆ. ಇಂಟ್ರಾಕ್ಲಾಸ್ ಕೋರಿಲೇಶನ್‌ಗೆ, ಡಿಸೈನ್ ಎಫೆಕ್ಟ್‌ಗೆ ನೀವೆಲ್ಲ ಏನು ಬಳಸುತ್ತೀರಿ?

ಚಂದ್ರಯ್ಯ:

‘ಕ್ಲಾಸ್’ ಎಂದರೆ ತರಗತಿ ತಾನೆ? ‘ತರಗತಿಯೊಳಗಿನ ಸಹಸಂಬಂಧ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಗುಚ್ಛ’ ಸಂಸ್ಕೃತದ್ದಾಯಿತು, ‘ಗೊಂಚಲು’ ಎನ್ನಿ. ‘ವಿನ್ಯಾಸ ಪರಿಣಾಮ’ ಕೇಳಿದರೆ ಸೀರೆಯ ಅಂಚು ನೆನಪಾಗುತ್ತದೆ.

ನಾಗೇಶ್:

ಮೇಡಂ, ನಾನು ಹನ್ನೆರಡು ವರ್ಷ ಸಮೀಕ್ಷಾ ತಂಡಗಳ ಮೇಲ್ವಿಚಾರಕನಾಗಿದ್ದವನು. ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಡಿಸೈನ್ ಎಫೆಕ್ಟ್ ಅಂದರೆ 2. ಮಾದರಿಯ ಗಾತ್ರ ಲೆಕ್ಕ ಹಾಕಿ ಎರಡರಿಂದ ಗುಣಿಸುವುದು, ಅಷ್ಟೇ. ಊರೂರು ಅಲೆಯುವ ಬದಲು ಕೆಲವೇ ಊರಿಗೆ ಹೋಗುವುದಕ್ಕೆ ಕಟ್ಟುವ ದಂಡ ಅದು. ನಾವು ಅದನ್ನು ‘ಡೆಫ್’ ಅಂತಲೇ ಕರೆಯುತ್ತಿದ್ದೆವು. ದಂಡ ಕಟ್ಟದಿದ್ದರೆ ತಪ್ಪಿನ ಅಂತರ ಎರಡು ಪಟ್ಟಾಗುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದರು.

ಶ್ರೀಪತಿ:

ಸುಧಾ ಅವರೇ, ನಿಮ್ಮ ತಂಗಿಗೆ ಒಂದು ಶಹಬ್ಬಾಸ್ ಹೇಳಿ. ಎಷ್ಟೋ ಪಠ್ಯಪುಸ್ತಕಗಳು ಜಾರಿಬೀಳುವ ಜಾಗವನ್ನೇ ಆಕೆ ಹಿಡಿದಿದ್ದಾಳೆ.

ಉಬ್ಬುವುದು ಜನರ ನಡುವಿನ ವ್ಯತ್ಯಾಸವಲ್ಲ, ನಾವು ಕೊಡುವ ಅಂದಾಜಿನ ಓಲಾಟ. ಅದೇ ಸಮೀಕ್ಷೆಯನ್ನು ಅದೇ ಕ್ರಮದಲ್ಲಿ, ಪ್ರತಿ ಸಲ ಹೊಸದಾಗಿ ಚೀಟಿ ಎತ್ತಿ ನೂರು ಸಲ ಮಾಡಿದಿರಿ ಎಂದುಕೊಳ್ಳಿ. ನೂರು ಉತ್ತರ ಬರುತ್ತವೆ. ಅವು ಎಷ್ಟು ಚೆದುರಿವೆ ಎಂಬುದೇ ಇಲ್ಲಿನ ವೇರಿಯನ್ಸ್. ಒಂದು ಗೊಂಚಲಿನ ಮಕ್ಕಳು ಒಂದೇ ಅಚ್ಚಿನಲ್ಲಿ ಹೊಯ್ದಂತಿದ್ದರೆ ನಿಮ್ಮ ಉತ್ತರ ಯಾವ ಯಾವ ಗೊಂಚಲು ಕೈಗೆ ಸಿಕ್ಕಿತು ಎಂಬ ಅದೃಷ್ಟಕ್ಕೆ ಜೋತುಬೀಳುತ್ತದೆ. ಒಳಗೆ ಹೋಲಿಕೆ ಹೆಚ್ಚಿದಷ್ಟೂ ಹೊರಗೆ ಓಲಾಟ ಹೆಚ್ಚು. ಆದ್ದರಿಂದ ‘ವ್ಯತ್ಯಾಸ ಉಬ್ಬುತ್ತದೆ’ ತೆಗೆದು ‘ಅಂದಾಜಿನ ವೇರಿಯನ್ಸ್ ಉಬ್ಬುತ್ತದೆ’ ಎಂದು ಮಾಡಿ. ಆ ‘ಅಂದಾಜಿನ’ ಎಂಬ ಒಂದು ಪದ ಬಿಟ್ಟುಹೋದದ್ದೇ ನಿಮ್ಮ ತೊಡಕು.

ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಸಾಕು ಎನ್ನುತ್ತೇವಲ್ಲ, ಅದು ಹೋಲಿಕೆ ಪೂರ್ತಿ ಇರುವ ಸ್ಥಿತಿ. ಎರಡನೆಯ ಅಗುಳು ಹೊಸದೇನನ್ನೂ ಹೇಳುವುದಿಲ್ಲ. ಹಾಗೆಯೇ ಊರಿನ ಮಕ್ಕಳಿಗೆಲ್ಲ ಲಸಿಕೆ ಆಗಿದೆ, ಇಲ್ಲವೇ ಒಬ್ಬರಿಗೂ ಆಗಿಲ್ಲ ಎಂಬಂತಿದ್ದರೆ ಅಲ್ಲಿ ಏಳು ಮಕ್ಕಳನ್ನು ಕೇಳುವುದೂ ಒಂದೇ, ಒಬ್ಬನನ್ನು ಕೇಳುವುದೂ ಒಂದೇ.

ನಾಗೇಶ್ ಹೇಳಿದ 2 ಸುಳ್ಳಲ್ಲ, ಆದರೆ ಅದಕ್ಕೊಂದು ಊರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಲಸಿಕೆ ಸಮೀಕ್ಷೆಯಲ್ಲಿ 30 ಗೊಂಚಲು, ಪ್ರತಿಯೊಂದರಲ್ಲಿ 7 ಮಕ್ಕಳು, ಒಟ್ಟು 210. ಉತ್ತರ ಶೇಕಡಾ 10 ಅಂಶಗಳಷ್ಟು ಆಚೀಚೆ ಇದ್ದರೂ ಸಾಕು ಎಂಬುದು ಗುರಿ. ಬಿಡಿಬಿಡಿಯಾಗಿ ಚೀಟಿ ಎತ್ತಿದರೆ ಅದಕ್ಕೆ 96 ಮಕ್ಕಳು ಸಾಕು. ಎರಡರಿಂದ ಗುಣಿಸಿದರೆ 192. ಮೂವತ್ತು ಗೊಂಚಲಿಗೆ ಹಂಚಿ ಮೇಲಕ್ಕೆ ಸರಿಮಾಡಿದರೆ ತಲಾ 7. ಅಲ್ಲಿಯ 2 ಈ ಸೂತ್ರದಲ್ಲಿ ಕೂರುತ್ತದೆ:

```
deff = 1 + (m − 1)ρ
```

`m` ಒಂದು ಗೊಂಚಲಿನಿಂದ ಎಷ್ಟು ಜನ ಎಂಬುದು. `ρ` ನೀವು ಕೇಳಿದ ಆ ಇಂಟ್ರಾಕ್ಲಾಸ್ ಕೋರಿಲೇಶನ್. m ಏಳಾಗಿದ್ದು deff ಎರಡಾದರೆ ρ ಆರನೆಯ ಒಂದು ಪಾಲು, ಸುಮಾರು 0.17. ಲಸಿಕೆಗೆ ಇದು ಊಹೆಗೆ ಮೀರಿದ ಸಂಖ್ಯೆಯಲ್ಲ. ಆ ಕ್ರಮದಲ್ಲಿ ಮೊದಲ ಮನೆಯನ್ನು ಚೀಟಿಯಿಂದ ಆರಿಸಿ, ಆಮೇಲೆ ಹತ್ತಿರದ ಮನೆ, ಅದರ ಹತ್ತಿರದ ಮನೆ ಎಂದು ಏಳು ಮಕ್ಕಳು ಸಿಗುವವರೆಗೆ ಹೋಗುತ್ತಿದ್ದರು. ಅಕ್ಕಪಕ್ಕದ ಮನೆಗಳಿಗೆ ಬರುವ ಆರೋಗ್ಯ ಕಾರ್ಯಕರ್ತೆ ಒಬ್ಬಳೇ, ಬರುವ ದಿನವೂ ಒಂದೇ. ಆಕೆ ಬಾರದೆ ಹೋದರೆ ಎಲ್ಲ ಮಕ್ಕಳಿಗೂ ತಪ್ಪುತ್ತದೆ.

ಎರಡರ ಹೊರತು ನಾಗೇಶ್ ಹೇಳಿದ ಇನ್ನೊಂದು ಮಾತು ತಿದ್ದಬೇಕು. ಎರಡು ಪಟ್ಟಾಗುವುದು ವೇರಿಯನ್ಸ್. ತಪ್ಪಿನ ಅಂತರ ಅದರ ವರ್ಗಮೂಲದಂತೆ ಬೆಳೆಯುತ್ತದೆ, 1.41 ಪಟ್ಟು.

ನಾಗೇಶ್:

ಸರ್, ಒಪ್ಪಿದೆ. ಆದರೆ ನಾವು ಗೊಂಚಲಿನ ಸಂಖ್ಯೆ ಇಳಿಸಿ ಮಕ್ಕಳ ಸಂಖ್ಯೆ ಏರಿಸುತ್ತಿದ್ದೆವು. 30ರ ಬದಲು 10 ಗೊಂಚಲು, ತಲಾ 21. ಒಟ್ಟು ಅದೇ 210, ಗಾಡಿ ಓಡಾಟ ಮೂರನೆಯ ಒಂದು ಪಾಲು. ಡೆಫ್ 2 ಎಂದೇ ವರದಿಯಲ್ಲಿ ಬರೆದೆವು. ಯಾರೂ ಏನೂ ಕೇಳಲಿಲ್ಲ.

ಶ್ರೀಪತಿ:

ಕೇಳಬೇಕಿತ್ತು! ಅದೇ 0.17 ಇಟ್ಟುಕೊಂಡು m ಜಾಗದಲ್ಲಿ 21 ಹಾಕಿ. 20 ಭಾಗಿಸು 6, ಅದಕ್ಕೆ 1 ಕೂಡಿಸಿ. ಡೆಫ್ 4.33. ನಿಮ್ಮ 210 ಮಕ್ಕಳು ಬಿಡಿಬಿಡಿಯಾಗಿ ಎತ್ತಿದ 48 ಮಕ್ಕಳಷ್ಟೇ ಬೆಲೆ ಬಾಳುತ್ತಾರೆ. 30ಕ್ಕೆ 7ರ ಲೆಕ್ಕದಲ್ಲಿ ಅವರು 105 ಮಕ್ಕಳಿಗೆ ಸಮ. ಲಸಿಕೆ ಆದ ಮಕ್ಕಳ ಪಾಲು ಶೇಕಡಾ 50ರ ಹತ್ತಿರ ಇದ್ದರೆ ಒಂದರಲ್ಲಿ ಆಚೀಚೆ 9.6 ಅಂಶ, ನಿಮ್ಮದರಲ್ಲಿ 14. ಗೊಂಚಲು ಬರೀ ಹತ್ತೇ ಇರುವುದರಿಂದ, ಶೇಕಡಾ 95ರ ಭರವಸೆಗಾಗಿ ರೂಢಿಯಂತೆ 1.96ರಿಂದ ಗುಣಿಸುವುದೂ ಸರಿಹೋಗುವುದಿಲ್ಲ. 2.26ರಿಂದ ಗುಣಿಸಬೇಕು. ಆಗ 16 ಅಂಶ ದಾಟುತ್ತದೆ.

ಇನ್ನೊಂದು ಕಡೆಯಿಂದ ನೋಡಿ. 30 ಗೊಂಚಲನ್ನು ಹಾಗೇ ಬಿಟ್ಟು ತಲಾ 21 ಮಕ್ಕಳನ್ನು ನೋಡಿದಿರಿ, ಒಟ್ಟು 630. ಮೂರು ಪಟ್ಟು ಕೆಲಸ. ಸಿಗುವುದೇನು? 9.6 ಇದ್ದದ್ದು 8.1ಕ್ಕೆ ಇಳಿಯುತ್ತದೆ. ಪ್ರತಿ ಊರಿನ ಸಾವಿರಾರು ಮಕ್ಕಳನ್ನು ಒಬ್ಬರೂ ಬಿಡದಂತೆ ನೋಡಿದರೂ 7.3ರ ಹತ್ತಿರ ನಿಂತುಬಿಡುತ್ತದೆ, ಏಕೆಂದರೆ 30 ಗೊಂಚಲುಗಳು ಎಷ್ಟು ಹಿಂಡಿದರೂ 180 ಮಕ್ಕಳಿಗಿಂತ ಹೆಚ್ಚಿನ ಸುದ್ದಿ ಕೊಡುವುದಿಲ್ಲ. ಅದೇ 630 ಮಕ್ಕಳನ್ನು 90 ಗೊಂಚಲುಗಳಿಗೆ ಏಳೇಳರಂತೆ ಹಂಚಿದ್ದರೆ 5.5. ದಂಡ ಎಂದಿರಲ್ಲ, ಅದು ಒಳ್ಳೆಯ ಪದವೇ. ಆದರೆ ಅದು ಒಂದೇ ಗೊಂಚಲಿನಲ್ಲಿ ಹೆಚ್ಚು ಹೊತ್ತು ಕೂತಷ್ಟೂ ಏರುವ ದಂಡ.

ರೇಖಾ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಫಿಸಿಯೋಥೆರಪಿಯವಳು. ಮಂಡಿ ಎಷ್ಟು ಮಡಚುತ್ತದೆ ಎಂದು ಇಬ್ಬರು ಅಳೆದಾಗ ಅವರ ಅಳತೆ ಹೊಂದುತ್ತದೆಯೇ ಎಂದು ನೋಡಲು ನಾವು ಐಸಿಸಿ ಲೆಕ್ಕ ಹಾಕುತ್ತೇವೆ. ಅದೂ ಇಂಟ್ರಾಕ್ಲಾಸ್ ಕೋರಿಲೇಶನ್ನೇ. ನಮ್ಮಲ್ಲಿ 0.9 ಬಂದರೆ ಸಿಹಿ ಹಂಚುವಷ್ಟು ಖುಷಿ. ಇಲ್ಲಿ 0.17 ಬಂದರೇ ಎಲ್ಲರೂ ಹೆದರುತ್ತಿದ್ದೀರಿ! ಇವೆರಡೂ ಬೇರೆ ಬೇರೆ ಅಲ್ಲವೇ? ಪದವನ್ನೂ ಬೇರೆ ಇಡಿ.

ಶ್ರೀಪತಿ:

ಬೇರೆ ಅಲ್ಲಮ್ಮ, ಒಂದೇ. ಒಟ್ಟು ಚೆದುರಿಕೆಯಲ್ಲಿ ಗುಂಪು ಗುಂಪಿನ ನಡುವಿನ ಪಾಲು ಎಷ್ಟು ಎಂಬುದೇ ಎರಡೂ ಕಡೆ ಲೆಕ್ಕ. ನಿಮಗೆ ಒಬ್ಬ ರೋಗಿಯೇ ಒಂದು ಗುಂಪು, ಅವನ ಮೇಲೆ ಮಾಡಿದ ಎರಡು ಅಳತೆಗಳು ಗುಂಪಿನ ಸದಸ್ಯರು. ಅವು ಒಂದನ್ನೊಂದು ಹೋಲಲಿ ಎಂಬುದೇ ನಿಮ್ಮ ಆಸೆ. ನಮಗೆ ಊರೇ ಗುಂಪು. ಅಲ್ಲಿನ ಮಕ್ಕಳು ಒಬ್ಬರನ್ನೊಬ್ಬರು ಹೋಲದಿರಲಿ ಎಂಬುದು ನಮ್ಮ ಆಸೆ. ನಿಮಗೆ ಎರಡನೆಯ ಅಳತೆ ಮೊದಲನೆಯದನ್ನೇ ಮತ್ತೆ ಹೇಳಿದರೆ ನಂಬಿಕೆ ಬರುತ್ತದೆ. ನಮಗೆ ಎರಡನೆಯ ಮಗು ಮೊದಲನೆಯದನ್ನೇ ಹೇಳಿದರೆ ದಿನ ದಂಡ.

ಚಂದ್ರಯ್ಯನವರೇ, ಇದಕ್ಕಾಗಿಯೇ ‘ತರಗತಿ’ ಬೇಡ. ಸಂಖ್ಯಾಶಾಸ್ತ್ರಜ್ಞ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಈ ಪದವನ್ನು ವಿವರಿಸುವಾಗ ಅಣ್ಣತಮ್ಮಂದಿರ ಜೋಡಿಗಳನ್ನು ತೆಗೆದುಕೊಂಡರು. ಇಬ್ಬರಲ್ಲಿ ಯಾರು ಮೊದಲು ಎಂಬ ಭೇದವಿಲ್ಲದೆ ಒಂದೇ ಬಗೆಗೆ ಸೇರಿದವರ ನಡುವಿನ ಸಂಬಂಧ ಎಂಬ ಅರ್ಥದಲ್ಲಿ ಅಲ್ಲಿ ‘ಕ್ಲಾಸ್’ ಬಂದದ್ದು. ಶಾಲೆಗೂ ಅದಕ್ಕೂ ನಂಟಿಲ್ಲ. ‘ಗೊಂಚಲು’ ಮಾತ್ರ ನನಗೆ ಬಹಳ ಹಿಡಿಸಿತು, ಮೇಲೆ ಸದ್ದಿಲ್ಲದೆ ಕದ್ದು ಬಳಸಿದ್ದೇನೆ.

ಚಂದ್ರಯ್ಯ:

ಕದ್ದಿದ್ದು ಗಮನಕ್ಕೆ ಬಂದಿದೆ. ಹಾಗಾದರೆ ‘ಗೊಂಚಲೊಳಗಿನ ಹೋಲಿಕೆ’ ಎಂದು ಇಟ್ಟುಬಿಡಿ. ‘ಸಹಸಂಬಂಧ’ ನಾಲಿಗೆಗೆ ಕಷ್ಟ.

ಸುಧಾ:

ನನಗೂ ‘ಹೋಲಿಕೆ’ ಇಷ್ಟವಾಯಿತು. ತಂಗಿಗೂ ತಿಳಿಯಿತು.

ಶ್ರೀಪತಿ:

ಒಂದು ತೊಡಕಿದೆ. ಈ ρ ಸೊನ್ನೆಗಿಂತ ಕೆಳಗೂ ಹೋಗಬಲ್ಲದು. ಗಂಡ ಹೆಂಡತಿ ಇಬ್ಬರಿರುವ ಜೋಡಿಗಳನ್ನೇ ಗೊಂಚಲಾಗಿ ಆರಿಸಿ, ಗಂಡಸರ ಪಾಲು ಎಷ್ಟು ಎಂದು ಎಣಿಸಿದಿರಿ ಎನ್ನಿ. ಜೋಡಿಯಲ್ಲಿ ಒಬ್ಬರು ಗಂಡಾದರೆ ಇನ್ನೊಬ್ಬರು ಹೆಣ್ಣೇ. ρ ಸರಿಯಾಗಿ −1. m ಎರಡು, ಡೆಫ್ ಸೊನ್ನೆ! ಎಷ್ಟು ಸಲ ಸಮೀಕ್ಷೆ ಮಾಡಿದರೂ ಉತ್ತರ ಅರ್ಧವೇ, ಎಳ್ಳಷ್ಟೂ ಓಲಾಡುವುದಿಲ್ಲ. ಇದನ್ನು ‘ಋಣ ಹೋಲಿಕೆ’ ಎನ್ನುತ್ತೀರಾ? ‘ಋಣ ಸಹಸಂಬಂಧ’ ಎಂದರೆ ಓದುಗ ಒಪ್ಪುತ್ತಾನೆ. ಲಸಿಕೆಯಂಥ ವಿಷಯದಲ್ಲಿ ಹೀಗಾಗುವುದು ಅಪರೂಪ, ನಿಜ. ಆದರೆ ಪದಕ್ಕೆ ಅಪರೂಪದ ಸಂದರ್ಭವನ್ನೂ ಹೊರುವ ಶಕ್ತಿ ಇರಬೇಕಲ್ಲ.

ಚಂದ್ರಯ್ಯ:

ಅಪರೂಪಕ್ಕಾಗಿ ದಿನನಿತ್ಯದ ಓದುಗನನ್ನು ಯಾಕೆ ಗೋಳು ಹೊಯ್ದುಕೊಳ್ಳಬೇಕು? ಇದನ್ನು ನಾನು ಒಪ್ಪುವುದಿಲ್ಲ.

ಸುಧಾ:

ಕೊನೆಯದೊಂದು ಪ್ರಶ್ನೆ ಸರ್. ಹೊಸ ಸಮೀಕ್ಷೆಗೆ ಈ ρ ಎಲ್ಲಿಂದ ತರುವುದು? ಹಿಂದಿನ ಒಂದು ದೊಡ್ಡ ಸಮೀಕ್ಷೆಯ ಅನುಬಂಧದಲ್ಲಿ DEFT ಎಂಬ ಕಂಬಸಾಲು ಇದೆ, ಅದರಲ್ಲಿ 1.5 ಎಂದಿದೆ. ಅದನ್ನೇ ಡಿಸೈನ್ ಎಫೆಕ್ಟ್ ಎಂದು ತೆಗೆದುಕೊಳ್ಳಬಹುದೇ?

ಶ್ರೀಪತಿ:

ಆ ಕೊನೆಯ T ನೋಡಿದಿರಾ? ಅದನ್ನು ಗಮನಿಸದೆ ಎಡವಿದವರು ಬಹಳ. DEFT ವರ್ಗಮೂಲ ತೆಗೆದ ಮೇಲಿನ ರೂಪ, ಎಂದರೆ ತಪ್ಪಿನ ಅಂತರ ಎಷ್ಟು ಪಟ್ಟಾಯಿತು ಎಂಬುದು. ಹಲವು ದೇಶಗಳಲ್ಲಿ ನಡೆದ ಜನಸಂಖ್ಯೆ ಮತ್ತು ಆರೋಗ್ಯದ ಡಿಎಚ್‌ಎಸ್ ಸಮೀಕ್ಷೆಗಳ ಅನುಬಂಧದಲ್ಲಿ ಇದನ್ನೇ ಅಚ್ಚು ಹಾಕುತ್ತಾರೆ. 1.5 ಎಂದಿದ್ದರೆ ಡೆಫ್ 2.25. ಮಾದರಿಯ ಗಾತ್ರವನ್ನು 1.5ರಿಂದ ಗುಣಿಸಿದರೆ ಮೂರನೆಯ ಒಂದು ಪಾಲು ಮಕ್ಕಳು ಕಡಿಮೆ ಬೀಳುತ್ತಾರೆ. ನಿಮ್ಮ ಕೈಪಿಡಿಯಲ್ಲಿ ಎರಡಕ್ಕೂ ‘ವಿನ್ಯಾಸ ಪರಿಣಾಮ’ ಎಂದೇ ಬರೆದರೆ ಓದುಗನೂ ಹಾಗೇ ಎಡವುತ್ತಾನೆ. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟದ್ದು ಸುಮ್ಮನಲ್ಲ. ನೀವೂ ಡೆಫ್, ಡೆಫ್ಟ್ ಎಂದೇ ಉಳಿಸಿ. ಕನ್ನಡ ಮಾಡಲೇಬೇಕೆಂದರೆ ನಾಗೇಶರ ‘ಗೊಂಚಲು ದಂಡ’ ನನಗೆ ‘ವಿನ್ಯಾಸ ಪರಿಣಾಮ’ಕ್ಕಿಂತ ಮೇಲು.

ρ ಬೇಕೆಂದರೆ 2.25ರಿಂದ 1 ಕಳೆದು, ಆ ಸಮೀಕ್ಷೆಯಲ್ಲಿ ಒಂದು ಗೊಂಚಲಿಗೆ ಸರಾಸರಿ ಎಷ್ಟು ಜನ ಇದ್ದರೋ ಅದರಲ್ಲಿ ಒಂದು ಕಡಿಮೆ ಮಾಡಿ ಭಾಗಿಸಿ. ತಲಾ 26 ಮಕ್ಕಳಿದ್ದರೆ 1.25 ಭಾಗಿಸು 25, ಅಂದರೆ 0.05. ಆ ρ ಅನ್ನು ನಿಮ್ಮ m ಜೊತೆ ಮತ್ತೆ ಸೂತ್ರಕ್ಕೆ ಹಾಕಿ. ಡೆಫ್ ಅನ್ನು ನೇರವಾಗಿ ಎರವಲು ತರಬೇಡಿ, ಅದು ಹಳೆಯ m ಅನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ಒಂದು ಎಚ್ಚರಿಕೆ: ಆ ಸಮೀಕ್ಷೆಯ ಲೆಕ್ಕದಲ್ಲಿ ಒಬ್ಬೊಬ್ಬರ ಉತ್ತರಕ್ಕೆ ಒಂದೊಂದು ತೂಕ ಕೊಟ್ಟಿದ್ದರೆ ಅದರ ಉಬ್ಬೂ ಆ 2.25ರಲ್ಲಿ ಸೇರಿರುತ್ತದೆ. ಹಾಗಾದರೆ ನಿಜವಾದ ρ ನೀವು ತೆಗೆದದ್ದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು.

ನಾಗೇಶ್:

ಸರ್, ನಮ್ಮ ಹಳೆಯ ವರದಿ ತೆಗೆದು ನೋಡಿದೆ. 10 ಗೊಂಚಲು, ತಲಾ 21. ಐದು ಊರಿನಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಆಗಿದೆ, ಮೂರರಲ್ಲಿ ಬೆರಳೆಣಿಕೆ. ನಡುವಿನವು ಎರಡೇ. ಇದರ ρ 0.17ಕ್ಕಿಂತ ಬಹಳ ಹೆಚ್ಚು ಬರುತ್ತದೆ ಅಲ್ಲವೇ?

ಶ್ರೀಪತಿ:

ಬರುತ್ತದೆ. ಊರಿನವಾರು ಸಂಖ್ಯೆಗಳನ್ನು ಕಳಿಸಿ, ಕೂತು ನೋಡೋಣ.

ಸುಧಾ:

ವಾಕ್ಯ ಸದ್ಯಕ್ಕೆ ಹೀಗಿದೆ: ‘ಒಂದೇ ಗೊಂಚಲಿನವರು ಒಬ್ಬರನ್ನೊಬ್ಬರು ಹೋಲುವಷ್ಟೂ ಸಮೀಕ್ಷೆಯ ಅಂದಾಜು ಹೆಚ್ಚು ಓಲಾಡುತ್ತದೆ, ಅದರ ವೇರಿಯನ್ಸ್ ಎಷ್ಟು ಪಟ್ಟು ಉಬ್ಬಿತು ಎಂಬುದೇ ಡೆಫ್.’ ρ ಎದುರಿಗೆ ‘ಹೋಲಿಕೆ’ ಬರೆದು ಪೆನ್ಸಿಲ್‌ನಲ್ಲಿ ‘ಸಹಸಂಬಂಧ’ ಎಂದು ಗುರುತು ಹಾಕಿಟ್ಟಿದ್ದೇನೆ. ಚಂದ್ರಯ್ಯನವರೂ ಶ್ರೀಪತಿ ಸರ್ ಕೂಡ ಒಂದು ಮಾತಿಗೆ ಬಂದರೆ ಅಳಿಸುತ್ತೇನೆ.