ಎಂ.ಎಸ್ಸಿ. ಗಣಿತದ ಸ್ಟೇಟ್‌ಮೆಂಟ್: 32 ಬರಬೇಕಿದ್ದ ಕಡೆ 31 ಬಂದರೆ

ಪ್ರಶ್ನೆ (ಬಿ.ಎಸ್ಸಿ. ಕೊನೇ ವರ್ಷ, ಮಡಿಕೇರಿ): ಎಂ.ಎಸ್ಸಿ. ಅರ್ಜಿಗೆ 500 ಪದದ ಸ್ಟೇಟ್‌ಮೆಂಟ್ ಬರೀಬೇಕು. ಕಷ್ಟಪಟ್ಟು ಆಮೇಲೆ ಇಷ್ಟವಾದ ಒಂದು ಪ್ರಾಬ್ಲಂ ಇಟ್ಟುಕೊಂಡು ಬರೀತಿದ್ದೀನಿ. ವೃತ್ತದ ಮೇಲೆ ಚುಕ್ಕಿ ಇಟ್ಟು, ಪ್ರತಿ ಎರಡು ಚುಕ್ಕಿಗೂ ಗೆರೆ ಎಳೆದರೆ ಒಳಗೆ ಎಷ್ಟು ತುಂಡು? 1, 2, 4, 8, 16 ಬಂತು. ಆರು ಚುಕ್ಕಿಗೆ 32 ಅಂದುಕೊಂಡೆ, 31 ಬಂತು. ಒಂದು ಸಲ 30 ಕೂಡ! ಇದು ತೀರಾ ಸಣ್ಣ ಲೆಕ್ಕವಾಯಿತಾ? ಪೂರ್ತಿ ಪ್ರೂಫ್ ಹಾಕಲಾ?

ಗಣಿತ ಅಧ್ಯಾಪಕಿ, ಗೋಣಿಕೊಪ್ಪ: ಸಣ್ಣದಲ್ಲಮ್ಮ. ಆದರೆ ಓದುವವರಿಗೆ ಈ ಲೆಕ್ಕ ಮೊದಲೇ ಗೊತ್ತಿರುತ್ತೆ. ಸಂಖ್ಯಾ ಸರಣಿಗಳನ್ನು ಪಟ್ಟಿ ಮಾಡಿಟ್ಟಿರೋ OEIS ತಾಣದಲ್ಲಿ 1, 2, 4, 8, 16, 31 ಅಂತ ಹಾಕಿದರೆ A000127 ಅಂತ ಎದುರಿಗೇ ಬರುತ್ತೆ. ಹಾಗಾಗಿ "31 ನೋಡಿ ಬೆರಗಾದೆ" ಅನ್ನೋದಕ್ಕೆ ಬೆಲೆ ಇಲ್ಲ. ಬೆಲೆ ಇರೋದು ಆ 30ಕ್ಕೆ. ಬಹುಶಃ ನೀವು ಆರು ಚುಕ್ಕಿಗಳನ್ನು ಸಮ ದೂರದಲ್ಲಿ ಇಟ್ಟಿದ್ದಿರಿ. ಆಗ ಮೂರು ಉದ್ದದ ಗೆರೆಗಳೂ ನಡುವಿನ ಒಂದೇ ಬಿಂದುವಿನಲ್ಲಿ ಹಾಯುತ್ತವೆ. ಒಂದು ಚುಕ್ಕಿಯನ್ನು ಸ್ವಲ್ಪ ಸರಿಸಿದರೆ ನಡುವೆ ಪುಟ್ಟ ತ್ರಿಕೋನ ತೆರೆದುಕೊಳ್ಳುತ್ತೆ. ಕಾಣೆಯಾಗಿದ್ದ 31ನೇ ತುಂಡು ಅದೇ.

ಇಲ್ಲಿಂದ ನಿಮ್ಮ ಬರಹ ತಾನಾಗಿ ಮುಂದೆ ಹೋಗುತ್ತೆ. ತುಂಡು ಎಣಿಸೋದು ಬಿಟ್ಟು ಛೇದ, ಅಂದರೆ ಗೆರೆಗಳು ಒಂದನ್ನೊಂದು ದಾಟುವ ಬಿಂದು, ಎಣಿಸಬೇಕು ಅಂತ ಹೊಳೆಯೋದು ಆ ತ್ರಿಕೋನದಿಂದಲೇ. ಹೊಸ ಗೆರೆ ಹಳೇ ಗೆರೆಗಳನ್ನು ಮೂರು ಕಡೆ ದಾಟಿದರೆ ನಾಲ್ಕು ತುಂಡು ಹೆಚ್ಚುತ್ತೆ, ದಾಟಿದ್ದಕ್ಕಿಂತ ಯಾವಾಗಲೂ ಒಂದು ಜಾಸ್ತಿ. ಹಾಗಾಗಿ ಮೂರು ಗೆರೆ ಒಂದೇ ಕಡೆ ಹಾಯದಿದ್ದರೆ ಒಟ್ಟು ತುಂಡು = 1 + ಗೆರೆ + ಛೇದ. ಯಾವ ನಾಲ್ಕು ಚುಕ್ಕಿ ಆರಿಸಿದರೂ ಅವುಗಳಿಂದ ಒಳಗೆ ಒಂದೇ ಛೇದ. ಆರರಲ್ಲಿ ಎರಡನ್ನು ಆರಿಸೋದು 15 ಬಗೆ, ನಾಲ್ಕನ್ನು ಆರಿಸೋದೂ 15 ಬಗೆ. 1 + 15 + 15 = 31. ಸ್ಟೇಟ್‌ಮೆಂಟಿಗೆ ಇಷ್ಟು ಸಾಕು, ಪೂರ್ತಿ ಪ್ರೂಫ್ ಬೇಡ. ಸುಮಾರು 300 ಪದ ಇದಕ್ಕೇ ಕೊಡಿ. ಅದರಲ್ಲೂ ಅರ್ಧದಷ್ಟು ತಪ್ಪು ಹಾದಿಗೆ: 32 ಬರಲೇಬೇಕು ಅಂತ ಎಷ್ಟು ಸಲ ಎಣಿಸಿದಿರಿ, 30 ಬಂದಾಗ ಚಿತ್ರವನ್ನು ಅನುಮಾನಿಸಿದಿರೋ ಎಣಿಕೆಯನ್ನೋ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ: ಪ್ರೂಫ್ ಬೇಡ ಅನ್ನೋದನ್ನು ನಾನು ಒಪ್ಪೋದಿಲ್ಲ. ಗಣಿತಕ್ಕೆ ಅರ್ಜಿ ಹಾಕಿ ಪ್ರೂಫ್ ಇಲ್ಲದಿದ್ದರೆ ಉಪ್ಪಿಲ್ಲದ ಪಂದಿ ಕರಿ. ಇನ್ನೊಂದು ಸಾಲು ಸೇರಿಸಲಿ: ಸಮ ದೂರದಲ್ಲಿ ಚುಕ್ಕಿ ಇಟ್ಟರೆ ಆರರಿಂದ ಮುಂದೆ ಯಾವಾಗಲೂ ತುಂಡು ಕಡಿಮೆಯೇ.

ಗಣಿತ ಅಧ್ಯಾಪಕಿ, ಗೋಣಿಕೊಪ್ಪ: ಆ ಸಾಲು ಹಾಕಬೇಡಿ ಸಾರ್, ಸಂದರ್ಶನದಲ್ಲಿ ಸಿಕ್ಕಿಬೀಳ್ತಾಳೆ. ಏಳು ಚುಕ್ಕಿ ಸಮ ದೂರದಲ್ಲಿ ಇಟ್ಟರೂ 57, ಮೂರು ಗೆರೆ ಒಂದೇ ಕಡೆ ಕೂಡದ ಹಾಗೆ ಬೇರೆ ಹೇಗೆ ಇಟ್ಟರೂ 57. ಸಮ ದೂರದ ಚುಕ್ಕಿಗಳು ಬೆಸ ಸಂಖ್ಯೆಯಾದರೆ ಮೂರು ಗೆರೆ ಒಳಗೆ ಒಂದೇ ಕಡೆ ಕೂಡೋದಿಲ್ಲ. ಎಂಟಕ್ಕೆ ನಿಮ್ಮ ಮಾತು ಸರಿ: 99 ಆಗಬೇಕಾದದ್ದು 88. ಸಮ ದೂರದ ಚುಕ್ಕಿಗಳಿಗೆ ಎಲ್ಲಾ ಸಂಖ್ಯೆಗೂ ಹೊಂದುವ ಸೂತ್ರವನ್ನು ಪೂನೆನ್ ಮತ್ತು ರೂಬಿನ್‌ಸ್ಟೈನ್ 1998ರಲ್ಲಿ ಪ್ರಕಟಿಸಿದರು, ಅದು ಸುಲಭದ್ದಲ್ಲ. "30 ಯಾಕೆ ಬಂತು" ಅನ್ನೋ ಪ್ರಶ್ನೆ ಅಲ್ಲಿಯವರೆಗೂ ಹೋಗುತ್ತೆ ಅಂತ ಒಂದು ವಾಕ್ಯ ಬರೆದರೆ, ಮುಂದೆ ಏನು ಓದಬೇಕು ಅಂತಿದ್ದೀಯ ಅನ್ನೋದಕ್ಕೆ ಅದೇ ಉತ್ತರ.

ಪೋಷಕರು, ಸೋಮವಾರಪೇಟೆ: ಮೇಡಂ, ಪ್ರಾಬ್ಲಂ ಬರೀಬೇಕು ಅಂದರೆ ನಮ್ಮದೂ ಇದೆ. 2018ರ ಆಗಸ್ಟ್ ಮಳೆಗೆ ತೋಟ ಕುಸಿದು ಮಗನ ಓದು ಒಂದು ವರ್ಷ ನಿಂತಿತ್ತು. ಅವನೂ ಗಣಿತಕ್ಕೇ ಹಾಕ್ತಿದ್ದಾನೆ, ಅದನ್ನು ಬರೀಬಹುದಾ?

ಗಣಿತ ಅಧ್ಯಾಪಕಿ, ಗೋಣಿಕೊಪ್ಪ: ಇಲ್ಲಿ ಪ್ರಾಬ್ಲಂ ಅಂದರೆ ಲೆಕ್ಕ ಅಣ್ಣಾ. ಅಂಕಪಟ್ಟಿಯಲ್ಲಿ ಒಂದು ವರ್ಷ ಖಾಲಿ ಕಾಣೋದಾದರೆ ಕಾರಣ ಎರಡು ಸಾಲಲ್ಲಿ ಹೇಳಲಿ, ಅದಕ್ಕೆ ಬೇರೆ ಜಾಗ ಇದ್ದರೆ ಅಲ್ಲೇ. ಲೆಕ್ಕದ ಜೊತೆ ಬೆರೆಸಿದರೆ ಎರಡೂ ಕೆಡುತ್ತೆ.

ಸಂಶೋಧನಾ ವಿದ್ಯಾರ್ಥಿ, ಕುಶಾಲನಗರ: ಛೇದ ಎಣಿಸೋ ಉಪಾಯ ಯಾರಾದರೂ ಹೇಳಿಕೊಟ್ಟಿದ್ದರೆ ಹಾಗೇ ಬರೀರಿ. "ನಾಲ್ಕು ಚುಕ್ಕಿಗೆ ಒಂದೇ ಛೇದ ಯಾಕೆ, ಎರಡು ಯಾಕಲ್ಲ?" ಅಂತ ಬೋರ್ಡಿಗೆ ಕರೆದರೆ ಎರಡು ನಿಮಿಷದಲ್ಲಿ ಬಯಲಾಗುತ್ತೆ. ನಾಲ್ಕು ಚುಕ್ಕಿಯನ್ನು ಜೋಡಿ ಮಾಡೋದು ಮೂರು ಬಗೆ, ಅದರಲ್ಲಿ ಒಂದೇ ಬಗೆ ಅಡ್ಡ ಹಾಯುತ್ತೆ. ಚಿತ್ರ ಬಿಡಿಸಿ ಹೇಳೋಕೆ ಬಂದರೆ ಸಾಕು.

ಪ್ರಶ್ನೆ ಕೇಳಿದವರು: ಉಪಾಯ ನಮ್ಮ ಲೆಕ್ಚರರ್ ಸುಳಿವು ಕೊಟ್ಟದ್ದು, ಬರೀತೀನಿ. ಸೂತ್ರ ಹಾಕಿ ಮುಂದೆ ಹೋದೆ. ಹತ್ತು ಚುಕ್ಕಿಗೆ 1 + 45 + 210 = 256. ಮತ್ತೆ ಎರಡರ ಘಾತ! ತಪ್ಪಾಯಿತಾ?

ಗಣಿತ ಅಧ್ಯಾಪಕಿ, ಗೋಣಿಕೊಪ್ಪ: ತಪ್ಪಿಲ್ಲ. ಪ್ಯಾಸ್ಕಲ್ ತ್ರಿಕೋನದಲ್ಲಿ 1, 9, 36 ಅಂತ ಶುರುವಾಗುವ ಸಾಲಿನ ಮೊದಲ ಐದನ್ನು ಕೂಡಿ: 1 + 9 + 36 + 84 + 126. ಸಾಲಿನಲ್ಲಿರೋದು ಹತ್ತು ಸಂಖ್ಯೆ, ಸರಿಯಾಗಿ ಅರ್ಧಕ್ಕೆ ನಿಂತಿರಿ, 512ರ ಅರ್ಧ. ಈಗ 1, 5, 10, 10, 5, 1 ಸಾಲಲ್ಲೂ ಮೊದಲ ಐದು ಕೂಡಿ ನೋಡಿ, 32ಕ್ಕೆ ಒಂದು ಯಾಕೆ ಕಡಿಮೆ ಅಂತ ಕಾಣುತ್ತೆ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ: ಇದನ್ನಾದರೂ ಪ್ರೂಫ್ ಸಮೇತ ಹಾಕಮ್ಮ.