ಪಾಲುದಾರಿಕೆ ಬಿಡುವ ಇಮೇಲ್ ಹೇಗೆ ಬರೆಯಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಚಿತ್ರದುರ್ಗ: ನಾನು ಮತ್ತು ನನಗಿಂತ ಹಿರಿಯರೊಬ್ಬರು ಸೇರಿ ಪಂಪ್‌ಸೆಟ್ ಅಂಗಡಿ ನಡೆಸುತ್ತಿದ್ದೇವೆ. ಇಬ್ಬರೇ ಪಾಲುದಾರರು, ಅರ್ಧ ಅರ್ಧ. ಫರ್ಮ್ ರಿಜಿಸ್ಟರ್ ಆಗಿದೆ. ಯಾವಾಗ ಬೇಕಾದರೂ ಮೂರು ತಿಂಗಳ ಲಿಖಿತ ನೋಟಿಸ್ ಕೊಟ್ಟು ಬಿಡಬಹುದು ಅಂತ ಕರಾರಿನಲ್ಲಿದೆ. ಜಗಳ ಇಲ್ಲ, ಅಂಗಡಿ ಅವರೇ ಮುಂದುವರಿಸಲಿ. ಇಮೇಲ್ ಸಾಕಾ? ಏನು ಬರೆಯಬೇಕು?

ಹಿರಿಯೂರಿನವರು: ಇಮೇಲ್ ನಡೆಯಲ್ಲ ಸರ್. ರಿಜಿಸ್ಟರ್ಡ್ ಪೋಸ್ಟೇ ಆಗಬೇಕು. ಮೂರು ತಿಂಗಳು ಮುಗಿದ ಮೇಲೆ ನಿಮಗೂ ಅಂಗಡಿ ಸಾಲಕ್ಕೂ ಸಂಬಂಧ ಇರಲ್ಲ, ನಿಶ್ಚಿಂತೆಯಾಗಿರಿ.

ದಾವಣಗೆರೆಯ ಜಿಎಸ್‌ಟಿ ಲೆಕ್ಕದವರು: ಎರಡೂ ಪೂರ್ತಿ ಸರಿಯಲ್ಲ. ಬರಹದಲ್ಲಿ ಇರಬೇಕಾದ್ದು ಇಮೇಲ್‌ನಲ್ಲಿದ್ದರೂ ಆಗುತ್ತದೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದನ್ನು ಒಪ್ಪುತ್ತದೆ. ಆದರೆ ಕರಾರಿನಲ್ಲೇ ಅಂಚೆ ಅಂತ ಬರೆದಿದ್ದರೆ ಅದೇ ದಾರಿ ಹಿಡಿಯಬೇಕು. ಸಂದೇಹ ಬೇಡ ಎಂದರೆ ಅದೇ ಪತ್ರವನ್ನು ಅಂಚೆಯಲ್ಲೂ ಹಾಕಿ.

ಸಾಲದ ಮಾತು ಬೇರೆ. ಬಿಡುವ ದಿನದವರೆಗಿನ ಬಾಕಿಗೆ ನೀವೂ ಹೊಣೆ. ಬಿಟ್ಟ ಮೇಲೂ ಸಾರ್ವಜನಿಕ ಪ್ರಕಟಣೆ ಆಗುವವರೆಗೆ, ನೀವು ಪಾಲುದಾರರು ಅಂತ ಗೊತ್ತಿದ್ದ ಡೀಲರ್ ನಿಮ್ಮನ್ನು ಕೇಳಬಹುದು. ರಿಜಿಸ್ಟರ್ ಆದ ಫರ್ಮ್‌ಗೆ ಪ್ರಕಟಣೆ ಎಂದರೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು, ಗೆಜೆಟ್‌ನಲ್ಲಿ ಬರಬೇಕು, ನಿಮ್ಮ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಬರಬೇಕು.

ಹರಿಹರದವರು: ನಾನು ಕಂಪನಿ ಬಿಟ್ಟಾಗ ರಜೆ ಉಳಿದಿತ್ತು, ಅದನ್ನು ನೋಟಿಸ್ ಅವಧಿಗೆ ಹೊಂದಿಸಿದರು. ನೀವೂ ಕೇಳಿ ನೋಡಿ.

ಕೇಳಿದವರು: ಇದು ನೌಕರಿ ಅಲ್ಲ ಸರ್, ಪಾಲುದಾರಿಕೆ.

ದಾವಣಗೆರೆಯ ಜಿಎಸ್‌ಟಿ ಲೆಕ್ಕದವರು: ನಿಮ್ಮ ವಿಷಯದಲ್ಲಿ ನಿಜವಾದ ಗಂಟು ಇಬ್ಬರೇ ಇರುವುದು. ಒಬ್ಬರು ಹೊರಟರೆ ಉಳಿದವರೊಬ್ಬರೇ, ಫರ್ಮ್ ಉಳಿಯಲ್ಲ. ಅವರು ಒಬ್ಬರೇ ನಡೆಸಿದರೆ ಅವರ ಸ್ವಂತ ಪ್ಯಾನ್ ಮೇಲೆ ಹೊಸ ಜಿಎಸ್‌ಟಿ ನಂಬರ್ ಬೇಕು. ಹಳೆಯ ನಂಬರಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ITC-02 ಫಾರ್ಮ್‌ನಲ್ಲಿ ವರ್ಗ ಮಾಡಿಕೊಂಡ ಮೇಲೆ ಹಳೆಯದನ್ನು ರದ್ದು ಮಾಡಬೇಕು. ಇದೆಲ್ಲ ಬೇಡ ಎಂದರೆ, ನೀವು ಹೊರಡುವ ಮೊದಲೇ ಅವರ ಮನೆಯವರನ್ನೋ ಮಗನನ್ನೋ ಪಾಲುದಾರರಾಗಿ ಸೇರಿಸಿಕೊಳ್ಳಲಿ. ಆಗ ಅದೇ ಫರ್ಮ್, ಅದೇ ಪ್ಯಾನ್, ಅದೇ ನಂಬರ್. ಪಾಲುದಾರರು ಬದಲಾದದ್ದನ್ನು ಜಿಎಸ್‌ಟಿಯಲ್ಲಿ 15 ದಿನದೊಳಗೆ ತಿಳಿಸಿದರೆ ಆಯಿತು. ಮೂರು ತಿಂಗಳ ನೋಟಿಸ್ ಇದಕ್ಕೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಹಾಗಾಗಿ ಇಮೇಲ್‌ನಲ್ಲಿ 'ಫರ್ಮ್ ಮುಚ್ಚೋಣ' ಅಂತ ಬರೆಯಬೇಡಿ. 'ನಾನು ನಿವೃತ್ತನಾಗುತ್ತೇನೆ' ಅಂತ ಬರೆಯಿರಿ. ಮೊದಲು ಎದುರು ಕೂತು ಹೇಳಿ, ಅವತ್ತೇ ಸಂಜೆ ಕಳಿಸಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

> ಅಣ್ಣಾ, ನಮಸ್ಕಾರ.
>
> ಇವತ್ತು ಮಾತಾಡಿದಂತೆ, ನಮ್ಮ ಪಾಲುದಾರಿಕೆ ಕರಾರಿನ ಪ್ರಕಾರ ನಿವೃತ್ತಿಯ ನೋಟಿಸ್ ಕೊಡುತ್ತಿದ್ದೇನೆ. ಇಂದು ಜೂನ್ 30. ಸೆಪ್ಟೆಂಬರ್ 30ರ ಸಂಜೆಗೆ ನನ್ನ ಪಾಲುದಾರಿಕೆ ಮುಗಿಯುತ್ತದೆ. ಅಂಗಡಿಯನ್ನು ನೀವು ಮುಂದುವರಿಸುವುದಕ್ಕೆ ನನ್ನ ಒಪ್ಪಿಗೆ ಇದೆ. ಹೊಸ ಪಾಲುದಾರರನ್ನು ಸೇರಿಸಿಕೊಳ್ಳುವುದಾದರೆ ಅದಕ್ಕೂ ಸಹಿ ಹಾಕುತ್ತೇನೆ.
>
> ಅಲ್ಲಿಯವರೆಗೆ ಎಂದಿನಂತೆ ಬರುತ್ತೇನೆ. ಉದ್ರಿ ಪಟ್ಟಿ ಮತ್ತು ರಿಪೇರಿಗೆ ಬಂದಿರುವ ಮೋಟಾರುಗಳ ಪಟ್ಟಿ ಆಗಸ್ಟ್‌ನಲ್ಲಿ ಕೊಡುತ್ತೇನೆ. ಕಡೆಯ ದಿನ ಇಬ್ಬರೂ ಸೇರಿ ಸ್ಟಾಕ್ ಎಣಿಸೋಣ. ಹೊಸ ಸಾಲ, ದೊಡ್ಡ ಆರ್ಡರ್ ಇದ್ದರೆ ಇಬ್ಬರ ಸಹಿಯಲ್ಲೇ ಆಗಲಿ.
>
> ಇದು ತಲುಪಿದೆ ಎಂದು ಒಂದು ಸಾಲು ಉತ್ತರಿಸಿ.

ಕಾರಣ ಬರೆಯಬೇಕಾಗಿಲ್ಲ. ಕಾರಣ ಬರೆದರೆ ಉತ್ತರ ಬರುತ್ತದೆ, ಉತ್ತರಕ್ಕೆ ಉತ್ತರ ಬೆಳೆಯುತ್ತದೆ. ತಿಂಗಳ ಕೊನೆಯ ದಿನ ಇಟ್ಟರೆ ಸ್ಟಾಕು, ಬ್ಯಾಂಕ್ ಲೆಕ್ಕ, ರಿಟರ್ನ್ ಒಂದೇ ಕಡೆ ಕೂಡಿ ಬರುತ್ತವೆ.

ಚಳ್ಳಕೆರೆಯವರು: ಬ್ಯಾಂಕ್ ಮರೆಯಬೇಡಿ! ನನ್ನ ತಮ್ಮ ಎಣ್ಣೆ ವ್ಯಾಪಾರದ ಪಾಲು ಬಿಟ್ಟ. ಇಬ್ಬರ ಮಧ್ಯೆ ಪತ್ರ ಆಯಿತು, ಪತ್ರಿಕೆಯಲ್ಲೂ ಬಂತು. ಆದರೆ ಓಡಿ, ಅಂದರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ ಅವನ ಜಾಮೀನು ಹಾಗೇ ಇತ್ತು. ಸಾಲ ಕಟ್ಟದೇ ಹೋದಾಗ ಬ್ಯಾಂಕಿನವರು ಬಂದಿದ್ದು ಅವನ ಮನೆಗೆ. ನಿಮ್ಮ ಜಾಮೀನು ಬಿಟ್ಟಿದ್ದೇವೆ ಅಂತ ಬ್ಯಾಂಕ್ ಬರಹದಲ್ಲಿ ಕೊಡುವವರೆಗೂ ಬಿಡಬೇಡಿ. ಕಂಪನಿಗೆ ಕೊಟ್ಟ ಖಾಲಿ ಚೆಕ್ ಇದ್ದರೆ ಅದನ್ನೂ ವಾಪಸ್ ಕೇಳಿ.

ಕೇಳಿದವರು: ಓಡಿ ಇದೆ, ಇಬ್ಬರದೂ ಸಹಿ ಇದೆ. ನಾಳೆಯೇ ಮ್ಯಾನೇಜರ್ ಹತ್ತಿರ ಹೋಗುತ್ತೇನೆ. ನನ್ನ ಪಾಲಿನ ದುಡ್ಡು ಅವರು ಒಂದೇ ಸಲ ಕೊಡಲಾರರು. ಕಂತು ಮಾಡಿಕೊಂಡರೆ ತಪ್ಪಾ?

ದಾವಣಗೆರೆಯ ಜಿಎಸ್‌ಟಿ ಲೆಕ್ಕದವರು: ತಪ್ಪಿಲ್ಲ. ಎಷ್ಟು ಕಂತು, ಯಾವ ತಾರೀಕು ಅಂತ ನಿವೃತ್ತಿ ಪತ್ರದಲ್ಲೇ ಬರೆಸಿ. ಏನೂ ಬರೆಯದೆ ಲೆಕ್ಕ ಬಾಕಿ ಇಟ್ಟು ಅವರು ನಿಮ್ಮ ದುಡ್ಡಿನಲ್ಲೇ ವ್ಯಾಪಾರ ಮಾಡಿದರೆ, ಆ ದುಡ್ಡು ದುಡಿದ ಲಾಭವನ್ನೋ ವರ್ಷಕ್ಕೆ ನೂರಕ್ಕೆ 6ರ ಬಡ್ಡಿಯನ್ನೋ ಕೇಳುವ ಹಕ್ಕು ನಿಮಗಿದೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಅದು ಇದೆ. ಬೇರೆ ದರ ಬೇಕೆಂದರೆ ಈಗಲೇ ಮಾತಾಡಿಕೊಳ್ಳಿ.

ಹಿರಿಯೂರಿನವರು: ಅಂಗಡಿ ಹೆಸರಿಗೂ ಬೆಲೆ ಕಟ್ಟಬೇಕು ಅಲ್ವಾ?

ಚಳ್ಳಕೆರೆಯವರು: ನನ್ನ ತಮ್ಮನಿಗೆ ಹೆಸರಿನ ಬೆಲೆ ಅಂತ ಏನೂ ಸಿಗಲಿಲ್ಲ. ಕೇಳಬೇಕಿತ್ತು ಅಂತ ನಾನು, ಸಂಬಂಧ ಉಳಿಯಿತಲ್ಲ ಅಂತ ಅವನು.

ದಾವಣಗೆರೆಯ ಜಿಎಸ್‌ಟಿ ಲೆಕ್ಕದವರು: ಕರಾರಿನಲ್ಲಿ ಅದರ ಬಗ್ಗೆ ಏನಿದೆ ಅಂತ ಮೊದಲು ಓದಿ. ಏನೂ ಇಲ್ಲದಿದ್ದರೆ ಇಬ್ಬರೂ ಕೂತು ಒಪ್ಪಬೇಕು. ಇಮೇಲ್‌ನಲ್ಲಿ ಮಾತ್ರ ಅದನ್ನು ಎತ್ತಬೇಡಿ.